ಪ್ಲಾಕ್ ಇಬ್ಬರಲ್ಲೂ ಒಂದೇ, ಟೌ ಹಿಡಿದ ದಾರಿ ಬೇರೆ: ಕೋಲಾರದ ಮರೆವಿನ ಓಪಿಡಿಯಲ್ಲಿ ನಾವು ನೋಡುವ ಕ್ರಮ

ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಎರಡು ಬಗೆಯ ಪ್ರೋಟೀನ್ ಕಸ ಸೇರುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ನರಕೋಶಗಳ ಹೊರಗೆ ಹೆಪ್ಪುಗಟ್ಟುವುದು ಅಮಿಲಾಯ್ಡ್ ಪ್ಲಾಕ್. ಕೋಶದ ಒಳಗೆ ದಾರದ ಸಿಕ್ಕಿನಂತೆ ಸುತ್ತಿಕೊಳ್ಳುವುದು ಟೌ. ಓಪಿಡಿಯಲ್ಲಿ ಕೂತಾಗ ಈ ಎರಡರಲ್ಲಿ ನಮಗೆ ಕೆಲಸಕ್ಕೆ ಬರುವುದು ಹೆಚ್ಚಾಗಿ ಎರಡನೆಯದು. ರೋಗಿ ಏನನ್ನು ಕಳೆದುಕೊಂಡಿದ್ದಾರೆ ಎನ್ನುವುದು ಟೌ ಎಲ್ಲಿದೆ ಎಂಬುದಕ್ಕೆ ಚೆನ್ನಾಗಿ ಹೊಂದುತ್ತದೆ, ಪ್ಲಾಕ್ ಎಲ್ಲಿದೆ ಎಂಬುದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಪ್ಲಾಕ್ ಹೊರಪದರದಲ್ಲಿ ಅಲ್ಲಲ್ಲಿ ಶುರುವಾಗಿ, ಮರೆವು ಕಾಣುವ ಹದಿನೈದಿಪ್ಪತ್ತು ವರ್ಷ ಮೊದಲೇ ಸೇರತೊಡಗುತ್ತದೆ. 70ರ ಆಸುಪಾಸಿನ, ಯಾವ ಮರೆವೂ ಇಲ್ಲದ ನಾಲ್ವರನ್ನು ಪರೀಕ್ಷಿಸಿದರೆ ಹೆಚ್ಚುಕಡಿಮೆ ಒಬ್ಬರಲ್ಲಿ ಅದು ಸಿಗುತ್ತದೆ.

ಟೌ ಹಾಗಲ್ಲ, ಅದಕ್ಕೊಂದು ದಾರಿ ಇದೆ. 1991ರಲ್ಲಿ ಬ್ರಾಕ್ ದಂಪತಿ ಶವಪರೀಕ್ಷೆಯ ಮಿದುಳುಗಳನ್ನು ನೋಡಿ ಆ ದಾರಿಯನ್ನು ಆರು ಹಂತಗಳಾಗಿ ಬರೆದಿಟ್ಟರು. ಮೊದಲೆರಡು ಹಂತದಲ್ಲಿ ಅದು ಕಿವಿಯ ನೇರಕ್ಕೆ ಒಳಭಾಗದಲ್ಲಿರುವ ಎಂಟೊರೈನಲ್ ಪಟ್ಟಿಯಲ್ಲಿರುತ್ತದೆ. ಮೂರು, ನಾಲ್ಕನೆಯ ಹಂತದಲ್ಲಿ ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಕಿವಿಯ ಪಕ್ಕದ ಟೆಂಪೊರಲ್ ಹಾಲೆಯ ಕೆಳಭಾಗಕ್ಕೆ ಬರುತ್ತದೆ. ಐದು, ಆರರಲ್ಲಿ ಮಾತು, ಲೆಕ್ಕ, ದಿಕ್ಕು ನಡೆಸುವ ಹೊರಪದರಕ್ಕೆ ಹರಡುತ್ತದೆ. ಕೈಕಾಲು ಆಡಿಸುವ ಪಟ್ಟಿ, ನೋಟದ ಮೊದಲ ಪಟ್ಟಿ ಕೊನೆಯವರೆಗೂ ಬಹುಮಟ್ಟಿಗೆ ಉಳಿಯುತ್ತವೆ. ಹೆಸರು ಮರೆತವರು ಚಕ್ಕನೆ ಎದ್ದು ಹೊಲಕ್ಕೆ ನಡೆದುಹೋಗುವುದು ಇದರಿಂದಲೇ. ಮನೆಯವರು 'ಇಷ್ಟು ಗಟ್ಟಿಯಾಗಿದ್ದಾರಲ್ಲ, ಇದೆಂಥ ಕಾಯಿಲೆ' ಅನ್ನುವುದೂ ಇದರಿಂದಲೇ.

ಸಿಕ್ಕು ಹರಡುವುದು ಪಕ್ಕದಲ್ಲಿದ್ದ ಕೋಶಕ್ಕಲ್ಲ, ತಂತುವಿನಿಂದ ಕೂಡಿಕೊಂಡ ಕೋಶಕ್ಕೆ. ತಪ್ಪಾಗಿ ಮಡಚಿಕೊಂಡ ಟೌ ಒಂದು ಕೋಶದಿಂದ ಇನ್ನೊಂದಕ್ಕೆ ದಾಟಿ, ಅಲ್ಲಿನ ಸರಿಯಾದ ಟೌವನ್ನೂ ತನ್ನಂತೆ ಮಡಚುತ್ತದೆ. ಹಾಲಿಗೆ ಹೆಪ್ಪು ಬಿದ್ದಂತೆ. ಎಂಟೊರೈನಲ್ ಪಟ್ಟಿಯ ಎರಡನೆಯ ಪದರದಿಂದ ಹಿಪೊಕ್ಯಾಂಪಸ್‌ಗೆ ಹೋಗುವ ತಂತುಗಳೇ ಹೊಸ ಸುದ್ದಿಯನ್ನು ಒಳಗೆ ಸಾಗಿಸುವ ದಾರಿ. ಮರೆವು ತೀರಾ ಸಣ್ಣದಿರುವಾಗಲೇ ಆ ಪದರದ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತವೆ. ವಯಸ್ಸಾದವರಲ್ಲಿ ಪ್ಲಾಕ್ ಇಲ್ಲದೆಯೂ ಅಲ್ಲಿ ಸ್ವಲ್ಪ ಟೌ ಇರುತ್ತದೆ, ಆದರೆ ಬಹುತೇಕ ಅಲ್ಲೇ ನಿಲ್ಲುತ್ತದೆ. ಅಮಿಲಾಯ್ಡ್ ಜೊತೆಗಿದ್ದರೆ ಅದು ಹೊರಪದರಕ್ಕೆ ನುಗ್ಗುತ್ತದೆ. ನುಗ್ಗುವ ಮೊದಲ ದಾರಿ ಎಲ್ಲರಲ್ಲೂ ಒಂದೇ ಅಲ್ಲ. ನಮ್ಮ ಓಪಿಡಿಯ ಇಬ್ಬರನ್ನು ಪಕ್ಕಪಕ್ಕ ಇಟ್ಟರೆ ಇದು ಕಾಣುತ್ತದೆ.

ಒಬ್ಬರು 67ರ ಹೆಂಗಸು. ಶ್ರೀನಿವಾಸಪುರ ಕಡೆ ಮಾವಿನ ತೋಟ, ಮನೆಮಾತು ತೆಲುಗು, ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಇನ್ನೊಬ್ಬರು 59ರ ಮೇಷ್ಟ್ರು, ಅವರಿಗೂ ಎರಡು ಭಾಷೆ. ಇಬ್ಬರ ಮನೆಯವರೂ ಹೇಳಿದ್ದು 'ಮರೆವು' ಎಂದೇ. ಆ ಮಾತನ್ನು ನಾವು ಅಷ್ಟಕ್ಕೇ ನಂಬುವುದಿಲ್ಲ. ರೋಗಿಯನ್ನು ಹೊರಗೆ ಕೂರಿಸಿ, 'ಮೊದಲು ಹೋಗಿದ್ದು ಯಾವುದು? ಯುಗಾದಿಗೆ ಹೇಗಿದ್ದರು, ದಸರೆಗೆ ಹೇಗಿದ್ದರು?' ಎಂದು ಕೇಳುತ್ತೇವೆ. ತಿಂಗಳ ಲೆಕ್ಕ ಕೇಳಿದರೆ ಯಾರಿಗೂ ಹೊಳೆಯುವುದಿಲ್ಲ, ಹಬ್ಬದ ಲೆಕ್ಕ ಕೇಳಿದರೆ ಸರಿಯಾಗಿ ಬರುತ್ತದೆ. ಹೆಂಗಸಿನ ಮನೆಯಲ್ಲಿ ಮೊದಲು ಕಂಡಿದ್ದು ಕಾಯಿ ವ್ಯಾಪಾರದ ಮುಂಗಡ ಇಸಿದುಕೊಂಡಿದ್ದನ್ನೇ ಮರೆತು ಮತ್ತೆ ಕೇಳಿದ್ದು. ಮಾತು ತಡವರಿಸಿದ್ದು ಅದಾಗಿ ಒಂದೂವರೆ ವರ್ಷಕ್ಕೆ. ಮೇಷ್ಟ್ರದು ತಿರುಗುಮುರುಗು: ಪಾಠದ ನಡುವೆ ಪದ ಸಿಗದೆ ನಿಲ್ಲುತ್ತಿದ್ದರು, ಗಾಡಿ ಎಲ್ಲಿ ನಿಲ್ಲಿಸಿದ್ದೆ ಎಂಬುದು ಮಾತ್ರ ನೆನಪಿರುತ್ತಿತ್ತು.

ಪರೀಕ್ಷೆಗೆ ಮೊದಲು ಕಿವಿ, ಕಣ್ಣು, ಥೈರಾಯ್ಡ್, ಬಿ12, ಖಿನ್ನತೆ ನೋಡುತ್ತೇವೆ. ಮಾತ್ರೆಗಳ ಚೀಲ ತರಿಸುತ್ತೇವೆ. ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್‌ನಂಥವು ತಾವೇ ಮರೆವು ತರುತ್ತವೆ.

ನೆನಪಿನ ಪರೀಕ್ಷೆಗೆ ಪಟ್ಟಿ ಓದಿಸುವುದಿಲ್ಲ, ವಸ್ತುಗಳನ್ನೇ ಇಡುತ್ತೇವೆ. ಓದು ಬಾರದವರಿಗೂ ಬಂದವರಿಗೂ ಒಂದೇ ಅಳತೆ ಆಗಲಿ ಎಂದು. ಬೀಗ, ಬಾಚಣಿಗೆ, ಸೌಟು, ಕುಡುಗೋಲು, ಬಳೆ, ಸೂಜಿ, ಬೆಳ್ಳುಳ್ಳಿ, ನಾಣ್ಯ, ಬೆಂಕಿಪೊಟ್ಟಣ, ಪೆನ್ನು: ಒಟ್ಟು ಹತ್ತು. 'ಇದರಲ್ಲಿ ಬಾಗಿಲಿಗೆ ಹಾಕೋದು ಯಾವುದಮ್ಮ?' ಎಂದು ಒಂದೊಂದಕ್ಕೂ ಸುಳಿವು ಕೊಟ್ಟು ಬಾಯಲ್ಲಿ ಹೆಸರು ಹೇಳಿಸಬೇಕು. ಟವೆಲ್ ಮುಚ್ಚಿ ಅದೇ ಸುಳಿವಿನಿಂದ ಮತ್ತೆ ಕೇಳಬೇಕು. ತಪ್ಪಿದ್ದನ್ನು ತೆರೆದು ತೋರಿಸಿ ಮತ್ತೆ ಹೇಳಿಸಬೇಕು. ಹತ್ತೂ ಒಮ್ಮೆ ಒಳಗೆ ಹೋದವು ಎಂದು ಖಾತರಿಯಾದ ಮೇಲೆ 20 ನಿಮಿಷ ಬೇರೆ ಕೆಲಸ. ಬೆಂಕಿಕಡ್ಡಿ ಜೋಡಿಸಿ ಆಕಾರ ಮಾಡಿಸುವುದು ಸಾಕು, ಮಾತಿನ ಕೆಲಸ ಬೇಡ. ಆಮೇಲೆ ಮೊದಲು ಸುಳಿವಿಲ್ಲದೆ, ನಂತರ ಸುಳಿವಿನೊಂದಿಗೆ ಕೇಳುವುದು. ಶ್ರೀನಿವಾಸಪುರ ತಾಲ್ಲೂಕಿನವರಾದರೆ ಒಂದು ಮಾತು ಹೆಚ್ಚಿಗೆ ಕೇಳಬೇಕು: ಇಂಥ ಪರೀಕ್ಷೆ ಮೊದಲೇ ಆಗಿದೆಯೇ? ಅಲ್ಲಿನ ಹಳ್ಳಿಗಳಲ್ಲಿ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ದೀರ್ಘ ಅಧ್ಯಯನ ನಡೆಸುತ್ತಿದೆ. ಇಂಥ ಪರೀಕ್ಷೆ ಮೊದಲೇ ಬರೆದವರಿಗೆ ಅಭ್ಯಾಸದಿಂದ ಅಂಕ ಏರುತ್ತದೆ.

ಸುಳಿವು ಕೊಟ್ಟಾಗ ಏನಾಗುತ್ತದೆ ಎಂಬುದರಲ್ಲೇ ಇರುವುದು ಎಲ್ಲ. ಖಿನ್ನತೆಯವರು, ಮಿದುಳಿನ ಆಳದ ರಕ್ತನಾಳ ಕೆಟ್ಟವರು ಸುಳಿವು ಸಿಕ್ಕ ಕೂಡಲೇ 'ಹಾ, ಬೀಗ' ಅನ್ನುತ್ತಾರೆ. ಒಳಗೆ ಇದೆ, ತೆಗೆಯಲು ಆಗುತ್ತಿಲ್ಲ ಅಷ್ಟೆ. ಹಿಪೊಕ್ಯಾಂಪಸ್ ಹೋದವರಿಗೆ ಸುಳಿವಿನಿಂದ ಏನೂ ಸಿಗದು, ಏಕೆಂದರೆ ಒಳಗೆ ಉಳಿದೇ ಇಲ್ಲ. ಆ ಹೆಂಗಸು ಟವೆಲ್ ಮುಚ್ಚಿದ ಕೂಡಲೇ ಒಂಬತ್ತು ಹೇಳಿದ್ದರು. 20 ನಿಮಿಷಕ್ಕೆ ತಾವಾಗಿ ಒಂದು, ಸುಳಿವಿನಿಂದ ಇನ್ನೆರಡು. ಬಾಗಿಲಿಗೆ ಹಾಕೋದು ಅಂದರೆ 'ತೋರಣ' ಅಂದರು. ಇಟ್ಟಿರದ ವಸ್ತುವನ್ನು ಧೈರ್ಯವಾಗಿ ಹೇಳುವುದು ಕೂಡ ಅದೇ ಕಡೆಯ ಗುರುತು.

ಮೇಷ್ಟ್ರ ವಿಷಯದಲ್ಲಿ ನಾವೇ ಎಡವುವುದರಲ್ಲಿದ್ದೆವು. ಅವರಿಗೂ ಹತ್ತರಲ್ಲಿ ನಾಲ್ಕೇ ಬಂತು. ಆದರೆ ಪದ ಬಾಯಿಗೆ ಬಾರದವರು ಪದದ ಪರೀಕ್ಷೆಯಲ್ಲಿ ಸೋಲುವುದು ನೆನಪಿನ ತಪ್ಪಲ್ಲ. ಹಾಗಾಗಿ ಅವರ ಕಣ್ಣೆದುರೇ ಕೋಣೆಯಲ್ಲಿ ಐದು ವಸ್ತು ಬಚ್ಚಿಟ್ಟು, 20 ನಿಮಿಷದ ನಂತರ 'ಬೆರಳು ತೋರಿಸಿ ಸಾರ್, ಮಾತು ಬೇಡ' ಎಂದೆವು. ಐದೂ ತೋರಿಸಿದರು. ಮಾತು ಮೊದಲು ಕೆಟ್ಟ ಯಾರಿಗೇ ಆಗಲಿ ಈ ಎರಡನೆಯ ಪರೀಕ್ಷೆ ಮಾಡದೆ 'ನೆನಪು ಹೋಗಿದೆ' ಎಂದು ಬರೆಯಬಾರದು.

ಮಾತಿಗೆ ಮೂರು ಕೆಲಸ ಕೊಡುತ್ತೇವೆ. ಮೊದಲನೆಯದು 20 ಚಿತ್ರಗಳ ಹೆಸರು. ಇಲ್ಲಿ ತೆಲುಗಿನಲ್ಲಿ ಹೇಳಿದರೂ ಪೂರ್ತಿ ಅಂಕ. ಒಂದೇ ಭಾಷೆಯಲ್ಲಿ ಪದ ಸಿಗದಿದ್ದರೆ ಅದು ರೂಢಿ ಇಲ್ಲದ್ದೂ ಇರಬಹುದು. ಎರಡರಲ್ಲೂ ಸಿಗದಿದ್ದರೆ ಮಾತ್ರ ಲೆಕ್ಕಕ್ಕೆ. ಕನ್ನಡದಲ್ಲಷ್ಟೇ ಪರೀಕ್ಷಿಸಿ ತೆಲುಗು ಮನೆಯವರಿಗೆ ಕಾಯಿಲೆ ಹೆಚ್ಚಾಗಿ ಬರೆಯುವ ತಪ್ಪು ಈ ಜಿಲ್ಲೆಯಲ್ಲಿ ಬಹಳ ಸುಲಭ. ಎರಡನೆಯದು ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು. ಮೂರನೆಯದು ವಾಕ್ಯ ಹೇಳಿಕೊಟ್ಟು ಮತ್ತೆ ಹೇಳಿಸುವುದು. 'ನೀರು ಬಂತು' ಎಂಬುದರಿಂದ ಶುರುಮಾಡಿ, 'ನಿನ್ನೆ ಸಂತೆಯಿಂದ ತಂದ ಟೊಮೇಟೊ ಬುಟ್ಟಿಯನ್ನು ಅಕ್ಕ ಹಿತ್ತಲಿನ ಬಾಗಿಲ ಹತ್ತಿರ ಇಟ್ಟಳು' ಎಂಬ ಹತ್ತು ಪದದವರೆಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕೊನೆಯ ಪದ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುತ್ತದೆ. ಅದಕ್ಕೆ ಅಂಕ ಕೊಟ್ಟು ಮೋಸಹೋಗಬಾರದು, ನಡುವಿನ ಪದ ನೋಡಬೇಕು.

ಹೆಂಗಸು 20 ಚಿತ್ರದಲ್ಲಿ 14 ಹೇಳಿದರು. ಬಾರದ ಆರಕ್ಕೂ 'ಅದೇ, ಹಿಟ್ಟು ಜಾಲಿಸೋದು' ಎಂಬಂತೆ ಉಪಯೋಗ ಹೇಳಿದರು. ಪ್ರಾಣಿ ಆರೇ. ಹತ್ತು ಪದದ ವಾಕ್ಯದಲ್ಲಿ ಒಂದೇ ಪದ ಬಿಟ್ಟರು. ಮೇಷ್ಟ್ರು ಪ್ರಾಣಿ ಒಂಬತ್ತು ಹೇಳಿದರು, ಚಿತ್ರಕ್ಕೆ ಹೆಸರಿಡುವಾಗ 'ಬಾಚಣಿಗೆ' ಅವರ ಬಾಯಲ್ಲಿ 'ಬಾಣಚಿಗೆ' ಆಯಿತು. ದೊಡ್ಡ ವಾಕ್ಯ 'ನಿನ್ನೆ ಸಂತೆಯಿಂದ... ಬುಟ್ಟಿ... ಇಟ್ಟಳು' ಎಂಬಷ್ಟಕ್ಕೆ ಕುಸಿಯಿತು. ಪದದ ಅರ್ಥ ಹೋಗಿಲ್ಲ, ವ್ಯಾಕರಣ ಕೆಟ್ಟಿಲ್ಲ, ಕೇಳಿದ ಸದ್ದುಗಳ ಸಾಲನ್ನು ಕ್ಷಣಹೊತ್ತು ಹಿಡಿದಿಡುವ ಜಾಗ ಹೋಗಿದೆ. ಆ ಜಾಗ ಎಡಗಿವಿಯ ಮೇಲೆ ಹಿಂದಕ್ಕೆ, ಟೆಂಪೊರಲ್ ಹಾಲೆ ಮತ್ತು ಅದರ ಮೇಲಿನ ಪರೈಟಲ್ ಹಾಲೆ ಕೂಡುವಲ್ಲಿ. ಇದಕ್ಕೆ ಲೋಗೊಪೆನಿಕ್ ಬಗೆ ಎನ್ನುತ್ತಾರೆ. ಮಾತು ಮೊದಲು ಹೋಗುವ ಕಾಯಿಲೆಗಳಲ್ಲಿ ಬಹುಪಾಲು ಆಲ್ಝೈಮರ್‌ನಿಂದಲೇ ಬರುವುದು ಇದೊಂದು. ಅರ್ಥವೇ ಅಳಿಸಿಹೋಗುವ, 'ಕುಡುಗೋಲು ಅಂದರೇನು?' ಎಂದು ತಿರುಗಿ ಕೇಳುವ ಬಗೆಯಲ್ಲಿ ಸಾಮಾನ್ಯವಾಗಿ ಬೇರೆ ಪ್ರೋಟೀನ್ ಇರುತ್ತದೆ.

ಎಂಆರ್‌ಐಗೆ ಬರೆಯುವಾಗ 'ಬ್ರೈನ್' ಎಂದಷ್ಟೇ ಬರೆದರೆ 5 ಮಿಲಿಮೀಟರ್ ದಪ್ಪದ ಅಡ್ಡ ಸೀಳುಗಳು ಬರುತ್ತವೆ. ಹಿಪೊಕ್ಯಾಂಪಸ್ ಅದರಲ್ಲಿ ಅಳೆಯಲಾಗದು. 1 ಮಿಲಿಮೀಟರಿನ 3ಡಿ ಟಿ1 ಬೇಕು ಎಂದೂ, ಹಿಪೊಕ್ಯಾಂಪಸ್‌ನ ಉದ್ದಕ್ಕೆ ಲಂಬವಾಗಿ ಕರೋನಲ್ ಸೀಳು ಬೇಕು ಎಂದೂ ಬಿಡಿಸಿ ಬರೆಯಬೇಕು. ಕೋನ ಓರೆಯಾದರೆ ಒಂದು ಬದಿ ಸುಮ್ಮನೆ ಕುಗ್ಗಿದಂತೆ ಕಾಣುತ್ತದೆ. ಹಿಪೊಕ್ಯಾಂಪಸ್ ಕುಗ್ಗಿದಷ್ಟೂ ಸೊನ್ನೆಯಿಂದ ನಾಲ್ಕರವರೆಗೆ ಏರುವ ಶೆಲ್ಟೆನ್ಸ್ ಅಳತೆಯಲ್ಲಿ ಹೆಂಗಸಿಗೆ ಎರಡೂ ಬದಿ ಮೂರು. ಮೇಷ್ಟ್ರಿಗೆ ಒಂದು, ಆದರೆ ಎಡಗಡೆ ಕೂಡುಜಾಗದ ಮಡಿಕೆಗಳು ಬಾಯ್ಬಿಟ್ಟಿದ್ದವು.

ಬೆನ್ನುನೀರನ್ನು ಬೆಂಗಳೂರಿಗೆ ಕಳಿಸಿದೆವು. ಇಬ್ಬರಲ್ಲೂ ಅಮಿಲಾಯ್ಡ್ ಬೀಟಾ 42 ಇಳಿದಿತ್ತು, ಫಾಸ್ಫೊ ಟೌ ಏರಿತ್ತು, ಎರಡೂ ಸೇರಿದರೆ ಆಲ್ಝೈಮರ್ ಗುರುತು. ಹೆಸರು ಮುಚ್ಚಿ ಕೊಟ್ಟರೆ ಯಾರ ವರದಿ ಯಾವುದೆಂದು ಹೇಳಲಾಗದು. ಬೆನ್ನುನೀರು ಕಾಯಿಲೆ ಇದೆಯೇ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ಎಲ್ಲಿದೆ ಎಂದು ನೇರವಾಗಿ ತೋರಿಸುವುದು ಟೌ ಪೆಟ್ ಸ್ಕ್ಯಾನ್. ಅದನ್ನು ನಾವು ಮಾಡಿಸಲಿಲ್ಲ. ಆದ್ದರಿಂದ 'ಹೆಂಗಸಿನಲ್ಲಿ ಟೌ ಬ್ರಾಕ್ ದಂಪತಿಯ ನಾಲ್ಕನೆಯ ಹಂತ ದಾಟಿ ಐದಕ್ಕೆ ಕಾಲಿಟ್ಟಿದೆ, ಮೇಷ್ಟ್ರಲ್ಲಿ ಎಡ ಹೊರಪದರ ಮೊದಲು' ಎಂಬುದು ಪರೀಕ್ಷೆ ಮತ್ತು ಕುಗ್ಗುವಿಕೆ ನೋಡಿ ಮಾಡಿದ ಅಂದಾಜು. 80 ದಾಟಿದವರಲ್ಲಿ ಈ ಅಂದಾಜನ್ನೂ ಅಳುಕಿನಿಂದಲೇ ಮಾಡಬೇಕು. ಆ ವಯಸ್ಸಿನಲ್ಲಿ ಟಿಡಿಪಿ-43 ಎಂಬ ಇನ್ನೊಂದು ಪ್ರೋಟೀನ್ ಹಿಪೊಕ್ಯಾಂಪಸ್ ಒಂದನ್ನೇ ತಿಂದು ಇದೇ ಚಿತ್ರ ಕೊಡಬಲ್ಲದು, ರಕ್ತನಾಳದ ಪಾಲೂ ಸೇರಿರುತ್ತದೆ.

14 ತಿಂಗಳಿಗೆ ಇಬ್ಬರನ್ನೂ ಮತ್ತೆ ನೋಡಿದೆವು, ವಸ್ತುಗಳನ್ನು ಬದಲಿಸಿ. ಹೆಂಗಸಿನ ಹತ್ತು ಪದದ ವಾಕ್ಯ ಈಗ ನಾಲ್ಕು ಪದಕ್ಕೆ ಮುರಿಯಿತು. ಮೇಷ್ಟ್ರು ಮೊದಲು ನಿಂತಿದ್ದ ಜಾಗಕ್ಕೆ ಇವರು ಬಂದಿದ್ದರು. ಮೇಷ್ಟ್ರು ಬಚ್ಚಿಟ್ಟ ಐದರಲ್ಲಿ ಎರಡನ್ನೇ ತೋರಿಸಿದರು. ಹೆಂಗಸಿನ ಸೊಸೆ, 'ಕನ್ನಡ ಬಿಟ್ಟೇಬಿಟ್ಟರು ಸಾರ್, ತೆಲುಗೇ ಎಲ್ಲದಕ್ಕೂ' ಎಂದರು. ಎರಡು ಭಾಷೆಯವರಲ್ಲಿ ಆಮೇಲೆ ಕಲಿತದ್ದು ಮೊದಲು ಸಡಿಲವಾಗುವುದು ಹಲವರಲ್ಲಿ ಉಂಟು, ಎಲ್ಲರಲ್ಲೂ ಇಲ್ಲ. ಅವರ ಚೀಟಿಯಲ್ಲಿ ನಾವು ಬರೆದದ್ದು ಇಷ್ಟು: ಮಾತ್ರೆಯ ಸಮಯ ತೆಲುಗಿನಲ್ಲಿ ಹೇಳಿ, ಒಂದು ಮಾತಿಗೆ ಮೂರು ಪದ ದಾಟಬೇಡಿ, 'ನೆನಪಿದೆಯಾ?' ಎಂದು ಕೇಳಬೇಡಿ, ವಸ್ತುವನ್ನೇ ಕೈಗೆ ಕೊಡಿ.