ವ್ಯಾಪಾರದ ಹೆಸರು, ವೆಬ್ ವಿಳಾಸ: ಹುಡುಕಿದವರಿಗೆ ಸಿಗುವಂತೆ ಆರಿಸುವುದು ಹೇಗೆ?

ಕೈಯಿಂದ ಸೋಪು ಮಾಡಿ ಮಾರುವವರೊಬ್ಬರು ತಮ್ಮ ವ್ಯಾಪಾರಕ್ಕೆ ‘ನೊರೆ’ ಎಂದು ಹೆಸರಿಡಲು ಹೊರಟಿದ್ದಾರೆ ಎಂದುಕೊಳ್ಳೋಣ. ಎರಡೇ ಅಕ್ಷರ, ಬಾಯಿಗೆ ಸಲೀಸು, ಸರಕಿಗೂ ಒಪ್ಪುತ್ತದೆ. ತೊಡಕು ಶುರುವಾಗುವುದು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ. nore ಎಂಬ ಹೆಸರು ಆಗಲೇ ಐರ್ಲೆಂಡಿನ ಒಂದು ನದಿಗಿದೆ, ಥೇಮ್ಸ್ ನದಿ ಸಮುದ್ರ ಸೇರುವಲ್ಲಿನ ಮರಳುದಿಣ್ಣೆಗೂ ಇದೆ. 1797ರಲ್ಲಿ ಅಲ್ಲಿ ನಡೆದ ಬ್ರಿಟಿಷ್ ನಾವಿಕರ ದಂಗೆಗೂ ಅದೇ ಹೆಸರು. ಇವುಗಳ ಬಗ್ಗೆ ದಶಕಗಳಿಂದ ಬರೆದಿಟ್ಟ ಪುಟಗಳಿವೆ. ನಿನ್ನೆ ಹುಟ್ಟಿದ ಸೋಪಿನ ಪುಟ ಅವನ್ನೆಲ್ಲ ದಾಟಿ ಮೇಲೆ ಬರುವುದು ಕಷ್ಟ. ಕನ್ನಡ ಲಿಪಿಯಲ್ಲೇ ಹುಡುಕಿದರೂ ‘ನೊರೆ’ ದಿನಬಳಕೆಯ ಪದ. ಹಾಲಿನ ನೊರೆಯಿಂದ ಹಿಡಿದು ಕಡಲ ನೊರೆಯವರೆಗೆ ಎಲ್ಲವೂ ಅದರಲ್ಲಿ ಬರುತ್ತದೆ.

ಚಿಕ್ಕ, ಚೊಕ್ಕ ಕನ್ನಡ ಪದಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ತೊಂದರೆ. ‘ಹೊಳೆ’ hole ಆದರೆ ತೂತಾಗುತ್ತದೆ. ‘ಕಲೆ’ kale ಆದರೆ ಸೊಪ್ಪಾಗುತ್ತದೆ. ‘ಮನೆ’ mane ಆದರೆ ಸಿಂಹದ ಕೇಸರವಾಗುತ್ತದೆ. ಗೂಗಲ್ 2009ರ ನವೆಂಬರ್‌ನಲ್ಲಿ ‘ಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಪ್ರಕಟಿಸಿದಾಗ ಅದಕ್ಕೂ ಇದೇ ಪಾಡಾಯಿತು. go ಎಂದು ಹುಡುಕಿದರೆ ಜಗತ್ತೆಲ್ಲ ಬರುತ್ತದೆ. ಹಾಗಾಗಿ ಜನ ಅದರ ವೆಬ್ ವಿಳಾಸವಾಗಿದ್ದ golang.orgನಿಂದ golang ಎಂಬುದನ್ನೇ ಎತ್ತಿಕೊಂಡು ಹುಡುಕತೊಡಗಿದರು. ಸಾಲದ್ದಕ್ಕೆ, Go! ಎಂಬ ಹೆಸರಿನ ಭಾಷೆಯೊಂದು ಅದಕ್ಕೂ ಮೊದಲೇ ಇತ್ತು. ಅದರ ಕರ್ತೃ ಪ್ರಕಟಣೆಯ ಬೆನ್ನಲ್ಲೇ ಆಕ್ಷೇಪ ಎತ್ತಿದರು. ಗೂಗಲ್‌ನಷ್ಟು ದೊಡ್ಡ ಕಂಪನಿ ಇಂಥ ಹೆಸರನ್ನು ಹೇಗೋ ದಡ ಮುಟ್ಟಿಸಬಲ್ಲದು. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಅದು ಆಗುವ ಮಾತಲ್ಲ.

ಮೊದಲು ಕಿವಿಯ ಪರೀಕ್ಷೆ

ಹೆಸರನ್ನು ಬಿಟ್ಟುಬಿಡಬೇಕಿಲ್ಲ, ಅದಕ್ಕೊಂದು ಜೊತೆ ಕೊಟ್ಟು ನೋಡಬಹುದು. ನಮ್ಮ ಉದಾಹರಣೆಯಲ್ಲಿ ಎರಡು ಹೆಸರು ಹೊಳೆದವು ಎನ್ನೋಣ: ‘ಬಿಳಿನೊರೆ’ ಮತ್ತು ‘ನೊರೆಗಿಂಡಿ’. ಇವನ್ನು ಕಂಪ್ಯೂಟರಿನ ಮುಂದೆ ಕೂರುವ ಮೊದಲೇ ಸೋಸಬಹುದು. ಹತ್ತು ಜನರಿಗೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಹೇಳಿ, ‘ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿ’ ಎನ್ನಿ. ಕಾಗುಣಿತ ಬಿಡಿಸಿ ಹೇಳಬೇಡಿ, ಬರೆದದ್ದನ್ನು ತೋರಿಸಲೂ ಬೇಡಿ.

ಕನ್ನಡದ ಕೆಲವು ಧ್ವನಿಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ರೂಪ ಎಂಬುದಿಲ್ಲ. ದೀರ್ಘ ಆಕಾರವನ್ನು ಒಬ್ಬರು a ಎಂದು ಬರೆದರೆ ಇನ್ನೊಬ್ಬರು aa ಎಂದು ಬರೆಯುತ್ತಾರೆ. ‘ತ’ t ಆಗುತ್ತದೆ, th ಕೂಡ ಆಗುತ್ತದೆ. ‘ವ’ಕ್ಕೆ v ಮತ್ತು w ಎರಡೂ ಉಂಟು. ‘ಈ’ಕಾರ i, ee, ii ಆಗಿ ಬರುತ್ತದೆ. ಅನುಮಾನದ ಧ್ವನಿ ಒಂದೇ ಇದ್ದರೆ ಎರಡು ರೂಪ ಹುಟ್ಟುತ್ತವೆ. ಅಂಥವು ಮೂರು ಸೇರಿದರೆ ರೂಪಗಳು ಎಂಟಾಗುತ್ತವೆ, ಎಂಟೂ ವಿಳಾಸವನ್ನು ಕೊಂಡು ಸಾಕುವುದು ಯಾರಿಗೂ ಆಗದು. ‘ಬಿಳಿನೊರೆ’ಗೆ bilinore, bilenore, billinore ಎಂದೆಲ್ಲ ಉತ್ತರ ಬಂದು, ‘ನೊರೆಗಿಂಡಿ’ಗೆ ಹತ್ತರಲ್ಲಿ ಏಳೆಂಟು ಮಂದಿ noregindi ಎಂದೇ ಬರೆದರೆ ಎರಡನೆಯದನ್ನು ಮುಂದಕ್ಕೆ ಒಯ್ಯಿರಿ. ಉಳಿದವರು norregindi, noregindhi ಎಂದು ಬರೆದಿದ್ದರೆ ಆ ಉತ್ತರಗಳನ್ನು ಅಳಿಸಬೇಡಿ, ಮುಂದೆ ಬೇಕಾಗುತ್ತವೆ.

ಆಮೇಲೆ ಹುಡುಕಾಟ

ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆಯಿರಿ. ಇಲ್ಲದಿದ್ದರೆ ನಿಮ್ಮ ಹಳೆಯ ಹುಡುಕಾಟಗಳ ನೆರಳು ಫಲಿತಾಂಶದ ಮೇಲೆ ಬೀಳುತ್ತದೆ. ಹೆಸರನ್ನು ಮೂರು ಬಗೆಯಲ್ಲಿ ಹುಡುಕಿ:

```
noregindi
"noregindi"
ನೊರೆಗಿಂಡಿ
```

ಉದ್ಧರಣ ಚಿಹ್ನೆ ಹಾಕಿದರೆ ಅದೇ ಅಕ್ಷರಜೋಡಣೆ ಇರುವ ಪುಟಗಳನ್ನಷ್ಟೇ ಕೇಳಿದಂತೆ. ಆ ಹೆಸರನ್ನು ಯಾರಾದರೂ ಆಗಲೇ ಬಳಸುತ್ತಿದ್ದಾರೆಯೇ ಎಂಬುದು ಅದರಿಂದ ತಿಳಿಯುತ್ತದೆ. ಚಿಹ್ನೆ ಇಲ್ಲದ ಹುಡುಕಾಟ ತೋರಿಸುವುದೇ ಬೇರೆ: ಸರ್ಚ್ ಎಂಜಿನ್ ನಿಮ್ಮ ಹೆಸರನ್ನು ಹೆಸರೆಂದು ಒಪ್ಪುತ್ತದೆಯೇ, ತಪ್ಪು ಕಾಗುಣಿತವೆಂದು ತಿದ್ದುತ್ತದೆಯೇ ಎಂಬುದು. ಪುಟದ ತಲೆಯಲ್ಲಿ ‘ಇದರ ಬದಲು ಅದರ ಫಲಿತಾಂಶ ತೋರಿಸುತ್ತಿದ್ದೇವೆ’ ಎಂಬ ಸಾಲು ಬಂದರೆ ನಿಮ್ಮ ಹೆಸರು ಇನ್ನಾವುದೋ ಜನಪ್ರಿಯ ಪದಕ್ಕೆ ಒಂದಕ್ಷರದಷ್ಟೇ ದೂರದಲ್ಲಿದೆ ಎಂದರ್ಥ. ನಿಮ್ಮ ಪುಟಗಳು ಸರ್ಚ್ ಎಂಜಿನ್‌ನ ಸೂಚಿಯಲ್ಲಿ ಸೇರಿ, ಸಾಕಷ್ಟು ಜನ ಆ ಹೆಸರನ್ನೇ ಹುಡುಕುವವರೆಗೆ ಈ ತಿದ್ದುವಿಕೆ ನಡೆದೇ ಇರುತ್ತದೆ. ಅದುವರೆಗೆ ಗಿರಾಕಿ ಬೇರೆಯವರ ಬಾಗಿಲಿಗೆ ಹೋಗುತ್ತಿರುತ್ತಾನೆ.

ಫಲಿತಾಂಶವೇ ಇಲ್ಲದಿದ್ದರೆ ಅಥವಾ ಸಂಬಂಧವಿಲ್ಲದ ನಾಲ್ಕಾರು ಚೂರುಪಾರು ಪುಟ ಬಂದರೆ ಸಂತೋಷಪಡಿ, ನೆಲ ಖಾಲಿ ಇದೆ. ಕೆಲವರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದು, ಜನ ಹುಡುಕುವ ಪದವನ್ನೇ ಹೆಸರಾಗಿಸಿ ‘ಕೈಸೋಪು’ ಎಂಬಂಥದ್ದನ್ನು ಇಟ್ಟುಕೊಳ್ಳುತ್ತಾರೆ. ಹಿಂದೊಮ್ಮೆ ಅದರಿಂದ ಲಾಭವಿತ್ತು. ವಿಳಾಸದಲ್ಲಿ ಪದವಿದೆ ಎಂಬ ಒಂದೇ ಬಲದ ಮೇಲೆ ಮೇಲೇರಿದ್ದ ಕಳಪೆ ತಾಣಗಳನ್ನು ಗೂಗಲ್ 2012ರ ಸೆಪ್ಟೆಂಬರ್‌ನಲ್ಲಿ ಕೆಳಗಿಳಿಸಿತು. ಈಗ ಅಂಥ ಹೆಸರಿಟ್ಟರೆ, ಹುಡುಕಿದವರು ನಿಮ್ಮನ್ನೇ ಹುಡುಕುತ್ತಿದ್ದಾರೋ ಯಾವುದೋ ಒಂದು ಸೋಪನ್ನೋ ಎಂದು ಸರ್ಚ್ ಎಂಜಿನ್‌ಗೆ ತಿಳಿಯುವುದಿಲ್ಲ. ಸರಕನ್ನು ಬರಿದೆ ಬಣ್ಣಿಸುವ ಪದಕ್ಕೆ ಟ್ರೇಡ್‌ಮಾರ್ಕ್ ಸಿಗುವುದೂ ಕಷ್ಟ.

ಹೋಲುವ ಹೆಸರುಗಳ ತಗಾದೆ

ಬಹಳಷ್ಟು ಜನ ಎಡವುವುದು ಇಲ್ಲಿ. ವಿಳಾಸ ಖಾಲಿ ಇದ್ದ ಮಾತ್ರಕ್ಕೆ ಹೆಸರು ಖಾಲಿ ಇದೆ ಎಂದಲ್ಲ. ಡೊಮೇನ್ ಕೊಂಡರೆ ಆ ಅಕ್ಷರಜೋಡಣೆಯನ್ನು ವಿಳಾಸವಾಗಿ ಬಳಸುವ ಅವಕಾಶ ಸಿಗುತ್ತದೆ, ಹೆಸರಿನ ಮೇಲಿನ ಹಕ್ಕಲ್ಲ. ಸಂಸ್ಥೆಯ ನೋಂದಣಿಯೂ ಟ್ರೇಡ್‌ಮಾರ್ಕಿನ ಜಾಗ ತುಂಬುವುದಿಲ್ಲ. ಹಾಗಾಗಿ ನೀವು ಮಾರುವ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆಯಲ್ಲಿ ಒಮ್ಮೆ, ವಿಶ್ವ ಬೌದ್ಧಿಕ ಆಸ್ತಿ ಸಂಘಟನೆಯ Global Brand Database ಎಂಬ ಉಚಿತ ತಾಣದಲ್ಲಿ ಇನ್ನೊಮ್ಮೆ ಹುಡುಕಿ.

ಹುಡುಕುವಾಗ ಅಕ್ಷರಕ್ಕೆ ಅಂಟಿಕೊಳ್ಳಬೇಡಿ. ಎರಡು ಹೆಸರು ಗೊಂದಲ ಹುಟ್ಟಿಸುತ್ತವೆಯೇ ಎಂದು ನೋಡುವವರು ನೋಟ, ಉಚ್ಚಾರ, ಅರ್ಥ ಮೂರನ್ನೂ ತೂಗುತ್ತಾರೆ. ನೀವು noregindi ಎಂದಿಟ್ಟು, ಇನ್ನೊಬ್ಬರು norigindy ಎಂದಿಟ್ಟಿದ್ದರೆ ಕಾಗುಣಿತ ಬೇರೆ ಎಂಬ ವಾದ ನಿಲ್ಲುವುದು ಕಷ್ಟ, ಕಿವಿಗೆ ಎರಡೂ ಒಂದೇ. ಹತ್ತು ಜನರ ಉತ್ತರಗಳಲ್ಲಿ ಬಂದ ಬೇರೆ ರೂಪಗಳು ಈಗ ಕೆಲಸಕ್ಕೆ ಬರುತ್ತವೆ. ಒಂದೊಂದನ್ನೂ ಹಾಕಿ ನೋಡಿ.

ಮುಂದಿನ ಪ್ರಶ್ನೆ, ಆ ಇನ್ನೊಬ್ಬರು ಏನು ಮಾರುತ್ತಾರೆ ಎಂಬುದು. ನೈಸ್ ವರ್ಗೀಕರಣ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 45 ವರ್ಗಗಳಿವೆ. ಮೊದಲ 34 ಸರಕಿಗೆ, ಉಳಿದ 11 ಸೇವೆಗೆ. ಮೈಸೋಪು 3ನೇ ವರ್ಗದಲ್ಲಿ ಬರುತ್ತದೆ, ಔಷಧಿ ಸೇರಿದ ಸೋಪು 5ರಲ್ಲಿ, ಮಾರಾಟದ ಸೇವೆ 35ರಲ್ಲಿ. ಸೋಪಿನವರು ಈ ಮೂರನ್ನೂ ನೋಡಬೇಕು, ಏಕೆಂದರೆ ವರ್ಗ ಬೇರೆಯಾದರೂ ಗಿರಾಕಿಯ ಕಣ್ಣಿಗೆ ಸರಕು ಒಂದೇ ಮನೆಯದಂತೆ ಕಂಡರೆ ತಗಾದೆ ಬರುತ್ತದೆ. 3ನೇ ವರ್ಗದಲ್ಲಿ ಮುಖದ ಕ್ರೀಮಿಗೆ norigindy ಸಿಕ್ಕಿತು ಎಂದರೆ ನನ್ನ ಸಲಹೆ ಒಂದೇ: ಹೆಸರು ಬಿಡಿ. ವಕೀಲರನ್ನು ಕೇಳಿ ವಾದ ಹೂಡುವ ಖರ್ಚಿಗಿಂತ ಬೇರೆ ಹೆಸರು ಹುಡುಕುವುದು ಅಗ್ಗ.

ಅದೇ ಹೆಸರು 7ನೇ ವರ್ಗದಲ್ಲಿ, ನೀರೆತ್ತುವ ಪಂಪು ಮಾಡುವವರ ಬಳಿ ಇದ್ದರೆ? ಅದು ಹೆಸರಾಂತ ಗುರುತಲ್ಲದಿದ್ದರೆ ಕಾನೂನು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಆದರೆ ಸರ್ಚ್ ಪುಟಕ್ಕೆ ವರ್ಗಗಳೆಂಬುದೇ ಇಲ್ಲ. ಪಂಪಿನವರು ಹತ್ತು ವರ್ಷದಿಂದ ಇದ್ದರೆ ಮೊದಲ ಪುಟ ಅವರದು, ಅವರ ಮೇಲಿನ ದೂರುಗಳೂ ನಿಮ್ಮ ಹೆಸರಿನಡಿಯೇ ಕಾಣುತ್ತವೆ. ಕಾನೂನಿನ ಘರ್ಷಣೆ ಬೇರೆ, ಹುಡುಕಾಟದ ಘರ್ಷಣೆ ಬೇರೆ. ಹೆಸರು ಎರಡನ್ನೂ ದಾಟಬೇಕು.

ವಿಳಾಸದ ಮೇಲೆಯೇ ಜಗಳ ಬಂದರೆ, ವೆಬ್ ವಿಳಾಸಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಪ್ಪಿದ ಯುಡಿಆರ್‌ಪಿ ಎಂಬ ಕ್ರಮವಿದೆ. ದೂರು ಕೊಟ್ಟವರು ಮೂರನ್ನೂ ಸಾಬೀತು ಮಾಡಬೇಕು: ವಿಳಾಸ ತಮ್ಮ ಗುರುತಿನಂತೆಯೇ ಇದೆ ಅಥವಾ ಗೊಂದಲವಾಗುವಷ್ಟು ಹೋಲುತ್ತದೆ, ನಿಮಗೆ ಅದರಲ್ಲಿ ನ್ಯಾಯವಾದ ಹಿತವಿಲ್ಲ, ನೀವು ಕೆಟ್ಟ ಉದ್ದೇಶದಿಂದ ಅದನ್ನು ಕೊಂಡು ಬಳಸುತ್ತಿದ್ದೀರಿ. ಹೆಸರು ಹೇಗೆ ಹುಟ್ಟಿತು, ಯಾವ ದಿನ ಎಲ್ಲೆಲ್ಲಿ ಹುಡುಕಿ ನೋಡಿದಿರಿ ಎಂಬುದರ ಸ್ಕ್ರೀನ್‌ಶಾಟ್‌ಗಳನ್ನು ಇಟ್ಟುಕೊಂಡಿದ್ದರೆ ಆಗ ಆಸರೆಯಾಗುತ್ತವೆ.

ಇನ್ನು ವಿಳಾಸ

ಈ ಎಲ್ಲ ಪರೀಕ್ಷೆಗಳಿಂದ ಹೆಸರು ಪಾರಾದ ದಿನವೇ ವಿಳಾಸ ಕೊಳ್ಳಿ. ಚುಕ್ಕೆಯ ಹಿಂದಿನ ಭಾಗ 63 ಅಕ್ಷರಗಳವರೆಗೆ ಇರಬಹುದು, ಹನ್ನೆರಡು ದಾಟಿದರೆ ಮೊಬೈಲಿನಲ್ಲಿ ಟೈಪ್ ಮಾಡುವವರು ತಪ್ಪುವುದು ಹೆಚ್ಚು. ನಡುಗೆರೆ ಮತ್ತು ಅಂಕಿ ಬೇಡ. ಬಾಯಲ್ಲಿ ಹೇಳುವಾಗ ಅವನ್ನು ಬಿಡಿಸಿ ಹೇಳಬೇಕಾಗುತ್ತದೆ, ಕೇಳಿದವರು ಮರೆಯುತ್ತಾರೆ.

ಚುಕ್ಕೆಯ ನಂತರದ ಕೊನೆಯ ಭಾಗದ ವಿಷಯದಲ್ಲಿ ಓವರ್‌ಸ್ಟಾಕ್ ಎಂಬ ಅಮೆರಿಕದ ಆನ್‌ಲೈನ್ ಅಂಗಡಿಯ ಅನುಭವ ನೆನಪಿಡತಕ್ಕದ್ದು. 2011ರಲ್ಲಿ ಅದು O.co ಎಂದು ಹೆಸರು ಬದಲಿಸಿಕೊಂಡಿತು. ಗಿರಾಕಿಗಳು ರೂಢಿಯಂತೆ O.com ಎಂದು ಟೈಪ್ ಮಾಡಿದರು. ಕಂಪನಿ ಹಳೆಯ ಹೆಸರಿಗೇ ಮರಳಬೇಕಾಯಿತು. ನಿಮ್ಮ ಹೆಸರಿನ .com ಇನ್ನೊಬ್ಬ ಸೋಪಿನವರ ಬಳಿ ಇದ್ದರೆ ಬೇರೆ ಕೊನೆ ಹಾಕಿ ಹೊರಡಬೇಡಿ. ಅದು ಖಾಲಿ ಪುಟವಾಗಿ ಬಿದ್ದಿದ್ದರೆ ಅಪಾಯ ಕಡಿಮೆ.

ಕನ್ನಡ ಲಿಪಿಯ ವಿಳಾಸವನ್ನೂ ಕೊಳ್ಳಬಹುದು. ಆದರೆ ಒಳಗೆ ಅದು xn-- ಎಂದು ಶುರುವಾಗುವ ಅಕ್ಷರಮಾಲೆಯಾಗಿ ಬದಲಾಗುತ್ತದೆ, ಕೆಲವು ಕಡೆ ನಕಲು ಮಾಡಿ ಅಂಟಿಸಿದಾಗ ಹಾಗೆಯೇ ಕಾಣುತ್ತದೆ. ಅದನ್ನು ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಿ. ಹತ್ತು ಜನರ ಉತ್ತರಗಳಲ್ಲಿ ಬಂದ ತಪ್ಪು ರೂಪ ಒಂದೆರಡನ್ನು ಕೊಂಡು, ಬಂದವರನ್ನು ಶಾಶ್ವತವಾಗಿ ಬೇರೆ ವಿಳಾಸಕ್ಕೆ ಕಳಿಸುವ 301 ಮರುನಿರ್ದೇಶನದಿಂದ ಮುಖ್ಯ ವಿಳಾಸಕ್ಕೆ ತಿರುಗಿಸಿ.

ಹಣ ಕಟ್ಟುವ ಮೊದಲು web.archive.org ತಾಣದಲ್ಲಿ ಆ ವಿಳಾಸ ಹಾಕಿ ನೋಡಿ. ಹಿಂದೆ ಅಲ್ಲಿ ಜೂಜಿನ ತಾಣವೋ ನಕಲಿ ಔಷಧಿಯ ತಾಣವೋ ಇದ್ದಿದ್ದರೆ ಅದರ ಕೆಟ್ಟ ಹೆಸರು ನಿಮಗೂ ಅಂಟಬಹುದು. ಕೊಂಡ ಮೇಲೆ lookup.icann.org ತಾಣದಲ್ಲಿ ವಿಳಾಸದ ಅವಧಿ ಮುಗಿಯುವ ದಿನ ಬರೆದುಕೊಳ್ಳಿ. ಮಾಲೀಕರ ವಿವರ ಅಲ್ಲಿ ಮರೆಯಾಗಿರಬಹುದು, ಹಾಗಾಗಿ ಕೊಂಡ ಖಾತೆಯೊಳಗೇ ನೋಡಿ: ಮಾಲೀಕರ ಜಾಗದಲ್ಲಿ ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲ, ನಿಮ್ಮ ಹೆಸರಿರಬೇಕು.

ಕೊನೆಗೆ, ನೊರೆಗಿಂಡಿಯೂ Noregindiಯೂ ಒಂದೇ ಎಂದು ಸರ್ಚ್ ಎಂಜಿನ್‌ಗೆ ತಾನಾಗಿ ಗೊತ್ತಾಗುತ್ತದೆ ಎಂದು ನಂಬಿ ಕೂರಬೇಡಿ. ಮುಖಪುಟದಲ್ಲಿ ಎರಡನ್ನೂ ಬರೆಯಿರಿ. ಇಲ್ಲಿನ .example ಮಾದರಿಗೆಂದೇ ಮೀಸಲಿಟ್ಟ ಕೊನೆ, ಅಲ್ಲಿ ನಿಮ್ಮ ವಿಳಾಸ ಹಾಕಿ:

```html
<title>ನೊರೆಗಿಂಡಿ | Noregindi</title>
<script type="application/ld+json">
{"@context": "https://schema.org",
 "@type": "WebSite",
 "name": "Noregindi",
 "alternateName": "ನೊರೆಗಿಂಡಿ",
 "url": "https://noregindi.example/"}
</script>
```

ಕೆಲವು ವಾರ ಬಿಟ್ಟು ಅದೇ ಖಾಸಗಿ ಕಿಟಕಿಯಲ್ಲಿ ಅದೇ ಮೂರು ಹುಡುಕಾಟ ಮತ್ತೆ ಮಾಡಿ. ಉದ್ಧರಣ ಚಿಹ್ನೆ ಹಾಕಿದಾಗ ಕಂಡು, ಹಾಕದಿದ್ದಾಗ ಕಾಣದಿದ್ದರೆ ಪುಟ ಸೂಚಿಗೆ ಸೇರಿದೆ, ಹೆಸರಿನ ಗುರುತು ಇನ್ನೂ ಹತ್ತಿಲ್ಲ ಎಂದರ್ಥ. ಎರಡರಲ್ಲೂ ಕಾಣದಿದ್ದರೆ ಪುಟ ಸೂಚಿಗೇ ಸೇರಿಲ್ಲದಿರಬಹುದು, ಗೂಗಲ್‌ನ Search Consoleನಲ್ಲಿ ವಿಳಾಸ ಸೇರಿಸಿ ಕಾರಣ ನೋಡಿ.