ಧರ್ಮದ ಕಾಲಂ ತೆಗೆದು ಹಾಕಿ ನಾನು ಮಾಡಿದ ಮೊಹರಂ ಸರ್ವೆ

ಧರ್ಮದ ಕಾಲಂ ಇಲ್ಲದೆ ಸರ್ವೆ ಆಗೋದೇ ಇಲ್ಲ ಅಂತ ಧಾರವಾಡದಲ್ಲಿ ನನಗೆ ಹೇಳದವರೇ ಇರಲಿಲ್ಲ. ಈಗ ಕೆಲಸ ಮುಗಿದಿದೆ. ಕೋಷ್ಟಕಗಳು ಗಟ್ಟಿಯಾಗಿ ನಿಂತಿವೆ. ಅವತ್ತು ನಕ್ಕವರಲ್ಲಿ ಇಬ್ಬರು ನನ್ನ ಫಾರ್ಮ್‌ನ ಜೆರಾಕ್ಸ್ ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿಷಯ ಗದಗ ಜಿಲ್ಲೆಯ ರೋಣದ ಕಡೆಯ ಹಳ್ಳಿಗಳ ಮೊಹರಂ. ಬೆಂಕಿಯ ಅಲಾಯಿ ಕುಣಿ, ಡೋಲಿ, ಅಲಾಯಿ ದೇವರಾಗಿ ಕೂಡುವ ಪಂಜಾ, ಹರಕೆ ಹೊತ್ತು ಫಕೀರ ಆಗೋದು, ರಿವಾಯತ್ ಪದ, ಇವೆಲ್ಲ ನಿಮಗೆ ಗೊತ್ತಿರುವುದೇ. ಮುಸ್ಲಿಂ ಮನೆ ಒಂದೂ ಇಲ್ಲದ ಊರಲ್ಲೂ ಅಲಾಯಿ ದೇವರು ಕೂಡುತ್ತದೆ ಅನ್ನೋದೂ ಹೊಸ ಸುದ್ದಿಯಲ್ಲ.

ಮೊದಲ ಸುತ್ತಿಗೆ ಒಂದು ವಿಭಾಗದವರು ಕೊಟ್ಟ ಫಾರ್ಮ್ ಇತ್ತು. ಮೊದಲ ಪುಟದಲ್ಲೇ ಧರ್ಮ, ಜಾತಿ, ಧರ್ಮಗ್ರಂಥ, ಮನೆದೇವರು. ಮೊಹರಂ ಎಲ್ಲಿ? ಕೊನೆಯ ಪುಟದಲ್ಲಿ, 'ಇತರ ಹಬ್ಬಗಳು' ಅನ್ನೋ ಒಂದು ಗೆರೆಯಲ್ಲಿ. ಸುಮಾರು 300 ಫಾರ್ಮ್ ತುಂಬಿಸಿದೆವು. ಪ್ರಿಂಟು, ಬಸ್ಸು, ಇಬ್ಬರು ಹುಡುಗರ ದಿನಗೂಲಿ, ಎಂಟ್ರಿ ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಸಿಕ್ಕ ಫಲ ಇಷ್ಟು: ಹಿಂದೂಗಳು ಇಷ್ಟು ಶೇಕಡಾ, ಅದರಲ್ಲಿ 'ಮೊಹರಂನಲ್ಲಿ ಭಾಗವಹಿಸುವವರು' ಇಷ್ಟು ಶೇಕಡಾ. ಇದನ್ನು ಹೇಳೋಕೆ 40 ಸಾವಿರ ಬೇಕಿತ್ತಾ?

ತಪ್ಪು ಎಲ್ಲಿದೆ ಅಂತ ತೋರಿಸಿದ್ದು ಫಾರ್ಮ್‌ನ ಖಾಲಿ ಚೌಕಗಳು. ಆದಾಯದ ಕಾಲಂನಲ್ಲಿ ಐದರಲ್ಲಿ ಒಂದು ಫಾರ್ಮ್ ಖಾಲಿ. ಹರಕೆಯ ಖರ್ಚು ಅರ್ಧಕ್ಕರ್ಧ ಖಾಲಿ. ಧರ್ಮದ ಕಾಲಂನಲ್ಲಿ ಮಾತ್ರ ಒಂದೂ ಖಾಲಿ ಇರಲಿಲ್ಲ. ಜನರನ್ನು ಕೇಳಿ ತುಂಬಿಸಿದ ಕಾಲಂ ಹಾಗೆ ಇರೋದಿಲ್ಲ. ಹುಡುಗರನ್ನು ಕೂರಿಸಿ ವಿಚಾರಿಸಿದೆ. "ಹೆಸರು ಕೇಳಿದ್ರ ಗೊತ್ತಾಗತೈತಲ್ರೀ ಸರ, ಮತ್ತ ಯಾಕ ಕೇಳೂದು?" ಅಂದರು. ನಿಮ್ಮ ಹಳೆಯ ಫಾರ್ಮ್‌ಗಳನ್ನೂ ಒಮ್ಮೆ ಹೀಗೆ ನೋಡಿ. ಖಾಲಿಯೇ ಇಲ್ಲದ ಕಾಲಂ ಸಿಕ್ಕರೆ, ಅದನ್ನು ತುಂಬಿದವರು ಯಾರು ಅಂತ ವಿಚಾರಿಸಿ.

ಹುಡುಗರನ್ನು ಬೈದು ಉಪಯೋಗವಿಲ್ಲ. ಇದು ಸರ್ಕಾರವೇ ಕಲಿಸಿದ ಚಾಳಿ. 1881ರ ಜನಗಣತಿಯಲ್ಲಿ ಪಂಜಾಬಿನ ಜನಗಣತಿ ಅಧಿಕಾರಿ ಡೆನ್ಜಿಲ್ ಇಬ್ಬೆಟ್ಸನ್ ಒಂದು ನಿಯಮ ಇಟ್ಟುಕೊಂಡಿದ್ದ. ತನ್ನ ಧರ್ಮ ಯಾವುದು ಅಂತ ಹೇಳಲಾಗದವನು, ಇಲ್ಲವೇ ಪಟ್ಟಿಯಲ್ಲಿಲ್ಲದ ಹೆಸರು ಹೇಳಿದವನು ಹಿಂದೂ ಲೆಕ್ಕಕ್ಕೆ. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು, ಗದಗ, ಹಾವೇರಿ ಎಲ್ಲ ಅದರೊಳಗೇ. 1911ರಲ್ಲಿ ಅದೇ ಪ್ರಾಂತದ ಜನಗಣತಿ ಅಧಿಕಾರಿ, ಎರಡೂ ಕಡೆ ನಡೆದುಕೊಳ್ಳುವ ಗುಜರಾತಿನ ಕೆಲವು ಸಮುದಾಯಗಳಿಗೆ 'ಹಿಂದೂ-ಮಹಮ್ಮದೀಯ' ಅಂತ ಒಂದು ಗುಂಪು ಮಾಡಿದ. ಇಡೀ ದೇಶದ ಜನಗಣತಿ ನೋಡುತ್ತಿದ್ದ ಇ.ಎ. ಗೇಟ್ ಅದನ್ನು ಒಪ್ಪಲಿಲ್ಲ. ಅವರನ್ನು ಆ ಕಡೆಗೋ ಈ ಕಡೆಗೋ ಹಾಕಬೇಕಿತ್ತು ಅಂದ. ತಮಾಷೆ ಅಂದರೆ, ಇಂಗ್ಲೆಂಡಿನ ಜನಗಣತಿಯಲ್ಲಿ ಪ್ರತಿಯೊಬ್ಬರ ಧರ್ಮ ಕೇಳಿದ್ದು 2001ರಲ್ಲಿ. ಅದೂ ಇಷ್ಟ ಇದ್ದವರು ಹೇಳಿದರೆ ಸಾಕಿತ್ತು.

'ಧರ್ಮಗ್ರಂಥ' ಕಾಲಂಗೂ ಅದೇ ಕಾಲದ ಮುದ್ರೆ ಇದೆ. ಮ್ಯಾಕ್ಸ್ ಮುಲ್ಲರ್ 1879ರಿಂದ ಹೊರತಂದ ಪೂರ್ವದೇಶಗಳ ಪವಿತ್ರ ಗ್ರಂಥಗಳ ಮಾಲೆ 50 ಸಂಪುಟ ಆಯಿತು. ಅದರಲ್ಲಿ ಕನ್ನಡದ್ದು, ತಮಿಳಿನದು ಒಂದೂ ಇಲ್ಲ. ಗ್ರಂಥ ಇದ್ದರೆ ಧರ್ಮ, ಇಲ್ಲದಿದ್ದರೆ ಜಾನಪದ. ಆ ಪಾಲು ಇನ್ನೂ ನಮ್ಮ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ಹಾಗೇ ಇದೆ, ಅಲ್ವಾ? ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ರಾತ್ರಿಯೆಲ್ಲ ಹಾಡುವ ರಿವಾಯತ್ ಮೇಳದವನು ಆ ಕಾಲಂನಲ್ಲಿ ಏನು ಬರೆಸಬೇಕು?

ಎರಡನೇ ಸುತ್ತಿಗೆ ನಾನು ಹರಕೆಯನ್ನು ಹಿಡಿದೆ. ಮನೆಯಲ್ಲಿ ಯಾರು ಹರಕೆ ಹೊತ್ತರು, ಯಾವ ದೇವರಿಗೆ, ಯಾತಕ್ಕೆ, ಏನು ಕೊಟ್ಟು ತೀರಿಸಿದರು, ಅದನ್ನು ಕೈಯಲ್ಲಿ ಪಡೆದವರು ಯಾರು. ಐದೇ ಪ್ರಶ್ನೆ. ಕೊನೆಯದು ಬಹಳ ಮುಖ್ಯ. ಕೇಳುವ ಕ್ರಮದಲ್ಲಿ ಒಂದು ಕೈಚಳಕ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಬೇಕಾದವರು ನನ್ನ ಜೊತೆ ಎರಡು ದಿನ ಹಳ್ಳಿಗೆ ಬರಲಿ.

ಒಂದು ಮನೆಯ ಲೆಕ್ಕ ನೋಡಿ. ಹಳೆಯ ಫಾರ್ಮ್‌ನಲ್ಲಿ ಅವರು ಹಿಂದೂ, ಮನೆದೇವರು ವೀರಭದ್ರ, ಇತರ ಹಬ್ಬ ಮೊಹರಂ. ಹೊಸ ಹಾಳೆಯಲ್ಲಿ ಮೂರು ಹರಕೆ ಬಂತು. ವೀರಭದ್ರನಿಗೆ ಜಾತ್ರೆಯಲ್ಲಿ ಕಾಯಿ, ಎಣ್ಣೆ. ಸವದತ್ತಿ ಎಲ್ಲಮ್ಮನಿಗೆ ಹುಣ್ಣಿಮೆಗೆ ಹೋಗಿ ಎಡೆಯ ಪಡ್ಡಲಗಿ ತುಂಬಿಸೋದು, ವರ್ಷಕ್ಕೆ ನಾಲ್ಕೈದು ಸಾವಿರ. ಅಲಾಯಿ ದೇವರಿಗೆ ಹಿರಿಯ ಮಗ ಫಕೀರ ಆಗೋದು, ಲಾಡಿ, ಚೊಂಗೆ, ಸಕ್ಕರೆ ಓದಿಸೋದು, ಸಾವಿರದೈನೂರರ ಆಸುಪಾಸು. ಮೂರನೆಯದು ಅಜ್ಜನ ಕಾಲದ್ದು. ಕೂಸು ಉಳಿಯಲಿ ಅಂತ ಹೊತ್ತದ್ದು, ಈಗ ತಲೆಮಾರಿಗೆ ಒಬ್ಬ ಮುಂದುವರಿಸಬೇಕು. ಸಕ್ಕರೆ ಓದಿಸಿಕೊಡುವವರು ಊರ ಮುಜಾವರರು. ಅವರ ಮನೆಗೂ ಹೋದೆ. ಅವರ ಹಾಳೆಯಲ್ಲೂ ಎಲ್ಲಮ್ಮ ಇದ್ದಳು. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುವುದನ್ನು ಗೆರೆ ಎಳೆದು ನೋಡಿದಾಗ ಇಡೀ ಊರಿನ ನಕ್ಷೆ ಬಂತು. ಅದರಲ್ಲಿ ಹಿಂದೂ ಅರ್ಧ, ಮುಸ್ಲಿಂ ಅರ್ಧ ಅಂತ ಕತ್ತರಿಸೋಕೆ ಜಾಗವೇ ಇರಲಿಲ್ಲ. ಇದನ್ನು 'ಭಾವೈಕ್ಯ' ಅಂತ ಬರೆಯಿರಿ ಅಂತ ಒಬ್ಬರು ಸಲಹೆ ಕೊಟ್ಟರು. ನಾನು ಬರೆಯಲಿಲ್ಲ. ಮೊದಲೇ ಎರಡು ಬೇರೆ ಬೇರೆ ಇದ್ದವು, ಆಮೇಲೆ ಕೂಡಿದವು ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಆ ಅಜ್ಜ ಏನನ್ನೂ ಕೂಡಿಸಿರಲಿಲ್ಲ. ಕೂಸಿಗಾಗಿ ಬೇಡಿಕೊಂಡಿದ್ದ, ಅಷ್ಟೇ.

ನಡುವೆ ಇನ್ನೊಂದು ಆಟ ಆಡಿದೆ. ಸುತ್ತಲಿನ ಗುಡಿ, ದರ್ಗಾ, ಕಟ್ಟೆ, ಗದ್ದುಗೆಗಳ ಇಪ್ಪತ್ತು ಚಿಲ್ಲರೆ ಫೋಟೋ ಪ್ರಿಂಟು ಹಾಕಿಸಿ, "ಇವನ್ನ ಗುಂಪು ಮಾಡ್ರೀ ಅಜ್ಜಾರ" ಅಂದೆ. ಹಿರಿಯರಲ್ಲಿ ಹೆಚ್ಚಿನವರು ಸಿಹಿ ಎಡೆಯ ದೇವರು, ಬ್ಯಾಟಿ ಬೇಡುವ ದೇವರು ಅಂತ ಬೇರೆ ಮಾಡಿದರು. ಕೆಲವರು ಮೈಯಾಗ ಬರುವವು, ಬಾರದವು ಅಂದರು. ದರ್ಗಾ ಎರಡೂ ಗುಂಪಿನಲ್ಲಿ ಚೆದುರಿ ಹೋಯಿತು.

ಆದರೆ ಇದಕ್ಕೂ ಮಿತಿ ಇದೆ. ಇಪ್ಪತ್ತೈದರ ಒಳಗಿನ ಹುಡುಗರು ಅದೇ ಫೋಟೋಗಳನ್ನು ಎರಡು ಕ್ಷಣದಲ್ಲಿ ಹಿಂದೂ, ಮುಸ್ಲಿಂ ಅಂತ ಬೇರೆ ಮಾಡಿ ಕೊಟ್ಟರು. ಕಾಗದದ ಮೇಲಿದ್ದ ಕಾಲಂ ಅವರ ಮಟ್ಟಿಗೆ ನಿಜವೇ ಆಗಿದೆ. ಅದನ್ನು ಸುಳ್ಳು ಅಂತ ತಳ್ಳಿಹಾಕಿದರೆ ನನ್ನ ಅಧ್ಯಯನವೂ ಅರ್ಧವೇ. ಲಿಂಗಾಯತ ಮನೆಗಳಲ್ಲೂ ಹೀಗೇ. 2018ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಶಿಫಾರಸು ಮಾಡಿದ ಮೇಲೆ, ಒಂದೇ ಮನೆಯಲ್ಲಿ ಅಪ್ಪ ಒಂದು ಬರೆಸುತ್ತಾನೆ, ಮಗ ಇನ್ನೊಂದು.

ಹಾಗಾಗಿ ಆ ಪ್ರಶ್ನೆಯನ್ನು ಪೂರ್ತಿ ಬಿಡಲಿಲ್ಲ. ಎಲ್ಲ ಮುಗಿದು ಚಹಾ ಕುಡಿಯುವಾಗ, "ಜನಗಣತಿಯವ್ರು ಬಂದ್ರ ಧರ್ಮ ಅಂತ ಏನ್ ಬರೆಸ್ತೀರಿ?" ಅಂತ ಕೇಳಿದೆ. ಈಗ ಆ ಕಾಲಂನಲ್ಲೂ ಖಾಲಿ ಚೌಕ ಬಂತು, ಹತ್ತರಲ್ಲಿ ಒಂದರಷ್ಟು. "ಅವ್ರ ಏನ್ ಬರ್ಕೊಂಡ್ರೋ ನಮಗೇನ್ ಗೊತ್ರೀ" ಅಂದವರು ಅವರು. 2011ರ ಜನಗಣತಿ ಹಾಳೆಯಲ್ಲಿ ಆರು ಧರ್ಮಕ್ಕೆ ಅಂಕಿ ಕೊಟ್ಟಿದ್ದರು, ಉಳಿದದ್ದನ್ನು ಪೂರ್ತಿ ಬರೆಯಬೇಕಿತ್ತು. ನನ್ನ ಹಾಳೆಯಲ್ಲಿ ಎಲ್ಲವನ್ನೂ ಅವರು ಹೇಳಿದ ಹಾಗೇ ಬರೆದುಕೊಂಡೆ.

ಎರಡನೇ ಸುತ್ತಿನ ಖರ್ಚು 15 ಸಾವಿರ ದಾಟಲಿಲ್ಲ. ಮನೆ ಕಡಿಮೆ, ಸುಮಾರು 80. ಒಂದು ಮನೆಗೆ ಅರ್ಧ ದಿನ. ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹೀಗಾಗಿ ಸುಗ್ಗಿ ಹತ್ತಿರ ಬಿದ್ದ ವರ್ಷಕ್ಕೂ ಬಿತ್ತನೆ ಹೊತ್ತಿಗೆ ಬಿದ್ದ ವರ್ಷಕ್ಕೂ ಖರ್ಚಿನ ಅಂಕಿ ಬೇರೆ ಆಗುತ್ತದೆ. ಯಾವ ವರ್ಷದ ಲೆಕ್ಕ ಅಂತ ಪಕ್ಕದಲ್ಲೇ ಬರೆದಿಡಿ. ವರದಿ ಕೇಳಿದವರು ಧರ್ಮವಾರು ಕೋಷ್ಟಕ ಬೇಕೇ ಬೇಕು ಅಂದರು. ಕೊಟ್ಟೆ, ಅನುಬಂಧದಲ್ಲಿ, 'ಜನಗಣತಿಗೆ ಬರೆಸುವುದು' ಅನ್ನೋ ತಲೆಬರಹದಲ್ಲಿ. ಖಾಲಿ ಚೌಕಗಳನ್ನು ಖಾಲಿಯೇ ಬಿಟ್ಟೆ. ತುಂಬಿ ಕೊಡಿ ಅಂತ ವಾಪಸ್ ಬಂತು. ತುಂಬದೆ ಮತ್ತೆ ಕಳಿಸಿದೆ, ಆ ಸಲ ಪಾಸಾಯಿತು.