ರೊಟ್ಟಿಯ ಅಳತೆಯಲ್ಲಿ ರೋಗಿಯ ಅಭಿಪ್ರಾಯ

ಓದಲು ಬಾರದ ರೋಗಿಗಳೂ ಸೇವೆ ಹೇಗಿತ್ತೆಂದು ಚಿತ್ರ ತೋರಿಸಿ ಹೇಳಲಿ ಎಂದು, ಬಾಗಲಕೋಟೆ ಜಿಲ್ಲೆಯ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ನಾವು ಮೊದಲು ಬರೆಸಿದ್ದು ನಗುವ, ಸಪ್ಪಗಿರುವ, ಅಳುವ ಮುಖಗಳ ನಮೂನೆ. ಮೊಣಕಾಲು ನೋವಿನಿಂದ ಬಂದಿದ್ದ ಅಜ್ಜಿಯೊಬ್ಬರು ಎಲ್ಲ ಪ್ರಶ್ನೆಗೂ ಅಳುವ ಮುಖವನ್ನೇ ತೋರಿಸಿದರು. ವೈದ್ಯರ ಮೇಲೆ ಸಿಟ್ಟೇ ಎಂದರೆ, "ಇಲ್ಲಪ್ಪ, ನನ್ನ ಕಾಲಿಗೆ ಇಷ್ಟು ನೋವಿದೆ" ಎಂದರು. ಮುಖದ ಚಿತ್ರ ನೋವನ್ನು ಅಳೆಯಿತು, ಸೇವೆಯನ್ನಲ್ಲ.

ಆಮೇಲೆ ನೀರಿನ ಕೊಡ ಬರೆಸಿದೆವು. ಖಾಲಿ ಕೊಡ ಅಪಶಕುನವೆಂದು ಹಿರಿಯರು ಅದರ ಮೇಲೆ ಬೆರಳಿಡಲೇ ಇಲ್ಲ. ಕೊನೆಗೆ ಉಳಿದದ್ದು ಜೋಳದ ರೊಟ್ಟಿ: ಇಡೀ ರೊಟ್ಟಿ, ಅರ್ಧ ರೊಟ್ಟಿ, ಒಂದು ಚೂರು. ಮೂರನ್ನೂ ಒಂದೇ ಗಾತ್ರದ ತಟ್ಟೆಯಲ್ಲಿ ಬರೆಯಿಸಿ. ಆಗ ಎಷ್ಟು ಕಡಿಮೆಯಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಐದು ಹಂತ ಮಾಡಬೇಡಿ. ಮುಕ್ಕಾಲು, ಅರ್ಧಗಳ ನಡುವೆಯೇ ಜನ ತಡವರಿಸುತ್ತಾರೆ.

ಹಾಳೆಯಲ್ಲಿ ನಾಲ್ಕೇ ಸಾಲು ಇರಲಿ. ಎಡಕ್ಕೆ ಚೀಟಿ ಕೊಡುವ ಕಿಟಕಿ, ರೋಗಿಯ ಮಾತು ಕೇಳುತ್ತಿರುವ ವೈದ್ಯರು, ಔಷಧದ ಕಿಟಕಿ ಮತ್ತು ಶೌಚಾಲಯದ ಚಿತ್ರಗಳು, ಬಲಕ್ಕೆ ಮೂರು ರೊಟ್ಟಿಗಳು. ಒಂದು ಸಾಲಿಗೆ ಒಂದೇ ವಿಷಯ. "ವೈದ್ಯರು, ನರ್ಸ್ ಚೆನ್ನಾಗಿ ನೋಡಿದರೇ?" ಎಂದರೆ ಉತ್ತರ ಯಾರದ್ದೆಂದು ತಿಳಿಯುವುದಿಲ್ಲ. "ಮಾತ್ರೆಯನ್ನು ಯಾವಾಗ ನುಂಗಬೇಕೆಂದು ನಿಮಗೆ ತಿಳಿಯುವಂತೆ ಹೇಳಿದರೇ?" ಎಂದು ನೇರವಾಗಿ ಕೇಳಿ.

ಮೊದಲು ಅಭ್ಯಾಸಕ್ಕೆ ಎರಡು ಪ್ರಶ್ನೆ ಕೇಳಲೇಬೇಕು. ಮುಂಗಾರು ಸಮಯಕ್ಕೆ ಬಂದರೆ ಎಷ್ಟು ಸಮಾಧಾನ? ಬೇಸಿಗೆಯ ರಾತ್ರಿಯಿಡೀ ಕರೆಂಟ್ ಹೋದರೆ ಎಷ್ಟು? ಎರಡಕ್ಕೂ ಇಡೀ ರೊಟ್ಟಿ ತೋರಿಸಿದವರಿಗೆ ಅಳತೆ ಇನ್ನೂ ಅರ್ಥವಾಗಿಲ್ಲ, ಅಥವಾ ನಿಮ್ಮ ಮನ ನೋಯಿಸಲು ಅವರಿಗೆ ಇಷ್ಟವಿಲ್ಲ. ಮತ್ತೊಮ್ಮೆ ವಿವರಿಸಿ. ಆಗಲೂ ಹಾಗೆಯೇ ಆದರೆ ಆ ಹಾಳೆಯನ್ನು ಬೇರೆಯಾಗಿಡಿ.

ಗುರುತಿಗೆ ಹೆಬ್ಬೆಟ್ಟು ಒತ್ತಿಸಬೇಡಿ. ಹೊಲದ ಕಾಗದ, ಸಾಲದ ಕಾಗದಗಳ ನೆನಪು ಅದಕ್ಕಿದೆ, ಜನ ಹೆದರುತ್ತಾರೆ. ಹಣೆಗೆ ಅಂಟಿಸುವಂಥ ಬಿಂದಿ ಕೊಡಿ, ತಮಗೆ ಸರಿಯೆನಿಸಿದ ರೊಟ್ಟಿಯ ಮೇಲೆ ಅವರೇ ಅಂಟಿಸಿ, ಹಾಳೆ ಮಡಚಿ ಡಬ್ಬಿಗೆ ಹಾಕಲಿ. ಇದೆಲ್ಲ ಔಷಧ ಕೈಗೆ ಬಂದ ಮೇಲೆ, ಹೊರಬಾಗಿಲ ಬಳಿ ನಡೆಯಬೇಕು. ಕೇಳುವವರು ಬಿಳಿ ಕೋಟು ಹಾಕಿರಬಾರದು, ಹಾಳೆಯತ್ತ ಕಣ್ಣೂ ಹಾಯಿಸಬಾರದು.

ಎಣಿಸುವಾಗ ನಾಲ್ಕು ಸಾಲುಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಇಪ್ಪತ್ತು ಜನರಲ್ಲಿ ಹದಿನೆಂಟು ಮಂದಿ ವೈದ್ಯರಿಗೆ ಇಡೀ ರೊಟ್ಟಿ ಕೊಟ್ಟು, ಹನ್ನೆರಡು ಮಂದಿ ಔಷಧದ ಕಿಟಕಿಗೆ ಚೂರು ಕೊಟ್ಟಿದ್ದಾರೆ ಎಂದುಕೊಳ್ಳಿ. ಸರಾಸರಿಯಲ್ಲಿ ಆ ಹನ್ನೆರಡು ಜನ ಕಾಣೆಯಾಗುತ್ತಾರೆ. ಸಾಲು ಸಾಲಾಗಿ ನೋಡಿದರೆ ಎಲ್ಲಿ ಕೊರತೆಯಿದೆ ಎಂದು ತಿಳಿಯುತ್ತದೆ, ಏಕೆ ಎಂಬುದನ್ನು ಮಾತ್ರ ರೊಟ್ಟಿ ಹೇಳುವುದಿಲ್ಲ. ಅದಕ್ಕೇ ಹಾಳೆ ಡಬ್ಬಿಗೆ ಬಿದ್ದ ಮೇಲೆ ಪ್ರತಿಯೊಬ್ಬರನ್ನೂ ಒಂದು ಮಾತು ಕೇಳಿ: "ಇಂದು ಇಲ್ಲಿ ಯಾವುದಕ್ಕೆ ಹೆಚ್ಚು ತ್ರಾಸಾಯಿತು?" ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ಹೆಸರು ಬರೆಯಬೇಡಿ.